ಖಾಲಿ ಉಳಿದ ಎರಡನೆಯ ಅಧ್ಯಾಯ

ಗ್ರಾಮೀಣಾಭಿವೃದ್ಧಿ ಡಿಪ್ಲೊಮಾಕ್ಕೆ ನಾನು ಬರೆದ ಯೋಜನಾ ವರದಿ ಶುಕ್ರವಾರ ಕಾಲೇಜು ಕಚೇರಿಯಿಂದ ವಾಪಸು ಬಂತು. ಖಾನಾಪುರದ ಹಂಚಿನ ಭಟ್ಟಿಗಳು ಯಾಕೆ ಮುಚ್ಚುತ್ತಿವೆ ಎಂಬುದು ವಿಷಯ. ಚರ್ಚಾಸ್ಪರ್ಧೆಯ ಭಾಷಣದ ಹಾಗೆ ನಲವತ್ತು ಪುಟ ಒಂದೇ ಓಟದಲ್ಲಿ ಬರೆದಿದ್ದೆ. ಅವರಿಗೆ ಬೇಕಾದದ್ದು ನಿಗದಿತ ನಮೂನೆ: ಮೊದಲು ಘೋಷಣೆ, ಪ್ರಮಾಣಪತ್ರ, ಪರಿವಿಡಿ, ಆಮೇಲೆ ಐದು ಅಧ್ಯಾಯ. ಸೋಮವಾರದೊಳಗೆ ಕೊಡದಿದ್ದರೆ ಪರೀಕ್ಷೆ ಮುಂದಿನ ವರ್ಷಕ್ಕೆ.

'ಸತ್ಯಕ್ಕೆ ಅಧ್ಯಾಯ ಯಾಕ ಬೇಕ್ರಿ ಸರ್?' ಎಂದು ಮಾರ್ಗದರ್ಶಕರ ಜೊತೆ ವಾದಕ್ಕಿಳಿದೆ.

'ಮೊದಲ ಐದು ಅಧ್ಯಾಯಕ್ಕ ಹಂಚಿ ಹಾಕಪಾ, ಆಮ್ಯಾಲೆ ಜಗಳಾಡೂಣು' ಎಂದರು.

ಹಿಂದವಾಡಿಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುವ ಅಕ್ಕ ಬೈಂಡಿಂಗಿಗೆಂದು ಎಡಗಡೆ ಹೆಚ್ಚು ಜಾಗ ಬಿಟ್ಟು, ನನ್ನ ಪ್ಯಾರಾಗಳನ್ನು ಒಂದೊಂದಾಗಿ ಕತ್ತರಿಸಿ ಅಧ್ಯಾಯಗಳಿಗೆ ಸೇರಿಸತೊಡಗಿದರು. ಎರಡನೆಯದು 'ಅಧ್ಯಯನ ವಿಧಾನ'. ಅದರಲ್ಲಿ ನಾಲ್ಕೇ ಸಾಲು.

'ಕೆಲಸಗಾರರಿಗೆ ಹೊಸ ಮಷೀನು ಬೇಡವಾಗಿದೆ ಅಂತ ಮುಂದ ಬರದೀರಿ. ಇದನ್ನ ಯಾರು ಹೇಳಿದ್ರರೀ?' ಎಂದು ಕೇಳಿದರು.

'ಮಾಲಕರು.'

'ಮತ್ತ ಕೆಲಸಗಾರರು?'

ನಾನು ಅವರನ್ನು ಕೇಳಿರಲೇ ಇಲ್ಲ. ಪರದೆಯ ಮೇಲೆ ಆಗಲೇ ಘೋಷಣೆಯ ಪುಟವಿತ್ತು: 'ಸಂಬಂಧಪಟ್ಟವರನ್ನು ನಾನೇ ಭೇಟಿಯಾಗಿ ಮಾಹಿತಿ ಸಂಗ್ರಹಿಸಿದ್ದೇನೆ.' ವೇದಿಕೆಯ ಮೇಲೆ ಯಾವ ಪಕ್ಷ ಕೊಟ್ಟರೂ ವಾದಿಸಿದವನು ನಾನು. ಆದರೆ ಇದರ ಕೆಳಗೆ ಸಹಿ ಹಾಕಲು ಕೈ ಬರಲಿಲ್ಲ.

ಶನಿವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹಿಡಿದೆ. ಭಟ್ಟಿಯ ಬಾಜೂಕ್ಕೆ ಹಸಿ ಹಂಚು ತಿರುವಿ ಹಾಕುತ್ತಿದ್ದ ಐದಾರು ಹೆಂಗಸರಿಗೆ ನನ್ನ ವಾಕ್ಯ ಓದಿ ಹೇಳಿದೆ. ಹಿರಿಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

'ಮಷೀನ್ ಬ್ಯಾಡ ಅಂದಿಲ್ಲೋ ತಮ್ಮಾ. ನಡಸೂದು ನಮಗೂ ಕಲಸ್ರಿ ಅಂದಿದ್ವಿ. ಖರೇ ಹೇಳು, ಮಾಲಕರ ಮಾತು ನಮ್ಮ ಬಾಯಾಗ ಯಾಕ ಇಟ್ಟಿ?'

'ಕಾಲೇಜಿನ್ಯಾಗ ಇದನ್ನೇ ಕಲಸ್ತಾರೇನೋ' ಎಂದು ಇನ್ನೊಬ್ಬಳು ನಕ್ಕಳು. ಆ ವಾಕ್ಯದ ಮೇಲೆ ಗೀಟು ಎಳೆದೆ. ಸಂಜೆಯವರೆಗೆ ಕೂತು ಒಬ್ಬೊಬ್ಬರ ಮಾತನ್ನೂ ಹೆಸರಿನ ಸಮೇತ ಬರೆದುಕೊಂಡೆ.

ಭಾನುವಾರ ಅಕ್ಕ ನನಗಾಗಿಯೇ ಅಂಗಡಿ ತೆರೆದರು. ಎರಡನೆಯ ಅಧ್ಯಾಯ ಮೂರು ಪುಟವಾಯಿತು, ನಾಲ್ಕನೆಯದರ ಅರ್ಧ ಹೋಯಿತು, ಕೆಲಸಗಾರರ ಹಟದಿಂದಲೇ ಭಟ್ಟಿ ಮುಚ್ಚುತ್ತಿವೆ ಎಂಬ ಕೊನೆಯದರ ತೀರ್ಮಾನ ತಿರುವುಮುರುವಾಯಿತು: ಯಂತ್ರದ ಜೊತೆಗೆ ತರಬೇತಿ ಬಂದರೆ ಭಟ್ಟಿ ಉಳಿಯಬಹುದು. ಪುಟಗಳು ಸರಿದದ್ದರಿಂದ ಪರಿವಿಡಿಯನ್ನು ಕೊನೆಗೆ ಮತ್ತೆ ಹೊಡೆಯಬೇಕಾಯಿತು.

ಸೋಮವಾರ ಮಾರ್ಗದರ್ಶಕರು ಮೊದಲು ತೀರ್ಮಾನವನ್ನೇ ಓದಿದರು.

'ನಿನ್ನ ವಾದ ನೀನೇ ಸೋಲಿಸೀಯಲ್ಲೋ!'

'ಹೌದ್ರೀ ಸರ್. ಈಗ ಬೇಕಾದ್ರ ಕೇಳ್ರಿ, ಯಾರು ಏನಂದ್ರು ಅಂತ ಹೆಸರು ಹಿಡಿದು ಹೇಳ್ತೀನಿ.'

ಕೇಳಿದರು, ಅರ್ಧ ಗಂಟೆ. ಆಮೇಲೆ ಪ್ರಮಾಣಪತ್ರದ ಪುಟ ತೆಗೆದು ಸಹಿ ಹಾಕಿ, 'ಒಂದು ಪ್ರತಿ ಜಾಸ್ತಿ ಮಾಡಿಸು. ಮಷೀನ್ ನಡಸೂದು ಕಲಸೂ ತರಬೇತಿ ಕೇಂದ್ರದವರಿಗೆ ನಾನ ಕೊಡ್ತೀನಿ' ಎಂದರು.