ಚಪ್ಪಲಿ ಎಲ್ಲಿ ಬಿಡಬೇಕು?

ಬಸ್‌ನಿಲ್ದಾಣದ ಎದುರಿಗಿದ್ದ ಟ್ರಾವೆಲ್ಸ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಿದ್ದರು. ಆಫೀಸಿನ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಒಂದು ಉದ್ದನೆಯ ಓಣಿ. ಅದರ ನೆಲದ ಮೇಲೆ ಹತ್ತು ಹೆಜ್ಜೆಗೊಂದರಂತೆ ಬಿಳಿ ಬಣ್ಣದ ಗೆರೆ. ವಯಸ್ಸಾದವರು ಯಾರು ಬಂದರೂ ಅವಳು ಮೊದಲು ಅಲ್ಲಿ ನಡೆಸಿ ನೋಡುತ್ತಿದ್ದಳು. ಊರು ಆರಿಸುವುದು ಆಮೇಲೆ.

ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ‘ದೇವಸ್ಥಾನ ಎರಡೇ ಹೆಜ್ಜೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಒಬ್ಬ ಮುದುಕ ಮುದುಕಿಯನ್ನು ಕಳಿಸಿಬಿಟ್ಟಿದ್ದಳು. ಅಲ್ಲಿದ್ದದ್ದು ಮುನ್ನೂರು ಮೆಟ್ಟಿಲು. ಅವರು ಇಡೀ ದಿನ ಕೆಳಗೇ ಕೂತು ವಾಪಸು ಬಂದರು. ಬಯ್ಯುತ್ತಾರೆಂದು ಕಾದಿದ್ದರೆ, ಆ ಮುದುಕಿ, “ಕೆಳಗಿನ ಬಾಗಿಲು ತುಂಬಾ ಚೆನ್ನಾಗಿತ್ತಮ್ಮ” ಎಂದಿದ್ದರು. ಬೈದಿದ್ದರೆ ಮರೆತುಹೋಗುತ್ತಿತ್ತು. ಆ ಮಾತು ಮಾತ್ರ ಮುಳ್ಳಿನ ಹಾಗೆ ಉಳಿಯಿತು. ಅಂದಿನಿಂದ ಅವಳು ಪ್ರತಿ ಜಾಗಕ್ಕೂ ಫೋನ್ ಮಾಡಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು. ಗಾಡಿ ನಿಲ್ಲುವ ಜಾಗದಿಂದ ಗೇಟಿಗೆ ಎಷ್ಟು ಹೆಜ್ಜೆ, ಮೆಟ್ಟಿಲೆಷ್ಟು, ಹಿಡಿಯಲು ಕಂಬಿ ಇದೆಯೇ, ಕೂರಲು ಬೆಂಚು ಎಲ್ಲೆಲ್ಲಿ, ಶೌಚಾಲಯ ಎಷ್ಟು ದೂರ. ಇನ್ನು ಕೇಳುವುದೇನೂ ಉಳಿದಿಲ್ಲ ಎಂದುಕೊಂಡಿದ್ದಳು.

ಆ ಸೋಮವಾರ ಬೆಳಿಗ್ಗೆ ಬಟ್ಟೆ ಹೊಲಿಯುವ ಹುಡುಗಿಯೊಬ್ಬಳು ತನ್ನ ಅಜ್ಜಿ ತಾತನನ್ನು ಕರೆದುಕೊಂಡು ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

“ಅಕ್ಕಾ, ಇವರಿಗೆ ದೇವಸ್ಥಾನಾನೂ ಬೇಕು, ತೋಟಾನೂ ಬೇಕು. ನಡೆಯೋಕೆ ಮಾತ್ರ ಆಗಲ್ಲ. ತಾತನ ಮಂಡಿ ಕೈಕೊಟ್ಟಿದೆ.”

“ಮಂಡಿ ಕೈ ಹೇಗೆ ಕೊಡುತ್ತೆ, ಅದಕ್ಕೆ ಕೈ ಎಲ್ಲಿದೆ?” ಎಂದರು ತಾತ.

“ಬಾಯಿ ಮಾತ್ರ ಚೆನ್ನಾಗಿ ನಡೆಯುತ್ತೆ ನೋಡಿ,” ಎಂದು ಅಜ್ಜಿ ಸೆರಗಿನಲ್ಲಿ ಬೆವರು ಒರೆಸಿಕೊಂಡರು. “ಮದುವೆಯಾದಾಗಿನಿಂದ ಅದಕ್ಕೊಂದು ದಿನ ರಜೆ ಇಲ್ಲ.”

ಗೆರೆಯಕ್ಕನ ಮನಸ್ಸಿನಲ್ಲಿ ಆಗಲೇ ಒಂದು ಜಾಗ ಬಂದಿತ್ತು. ದೊಡ್ಡ ದೇವಸ್ಥಾನ, ಅದರ ಪಕ್ಕದಲ್ಲೇ ತೋಟ. ಗಾಡಿಯಿಂದ ಗೇಟಿಗೆ ಮೂವತ್ತೇ ಹೆಜ್ಜೆ, ಮೆಟ್ಟಿಲಿಲ್ಲ. ಮೂವತ್ತಕ್ಕೂ ಹೆಚ್ಚು ಮುದಿ ಜೋಡಿಗಳನ್ನು ಅಲ್ಲಿಗೇ ಕಳಿಸಿದ್ದಳು. ಆದರೂ ನಡೆಸಿ ನೋಡದೆ ಬಿಡುವವಳಲ್ಲ.

“ತಾತ, ಈ ಗೆರೆ ಮೇಲೆ ಹೋಗಿ ಬನ್ನಿ. ಸಾಕು ಅನ್ನಿಸಿದಲ್ಲಿ ನಿಲ್ಲಿ. ನನ್ನ ಮುಂದೆ ಪೌರುಷ ತೋರಿಸಬೇಡಿ.”

ನೆಲ ಆಗತಾನೆ ಒರೆಸಿತ್ತು. ತಾತ ಮರ್ಯಾದೆಗೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ನಡೆದರು. ಗೋಡೆ ಮುಟ್ಟಿ ತಿರುಗಿದರು. ಒಟ್ಟು ಎಂಬತ್ತು ಹೆಜ್ಜೆ, ನಡುವೆ ಒಂದು ಸಲ ನಿಂತದ್ದು. ಬಂದು ಕುರ್ಚಿಯಲ್ಲಿ ಕೂತು, ಗೆದ್ದವರ ಹಾಗೆ ಕಾಲ ಮೇಲೆ ಕಾಲು ಹಾಕಿದರು.

ಅಂಗಾಲಿನಲ್ಲಿ ಏನೋ ಹೊಳೆಯಿತು.

ನೋಟಿಸ್ ಬೋರ್ಡಿನಿಂದ ಬಿದ್ದ ಗುಂಡುಪಿನ್ನು. ತಲೆಯವರೆಗೂ ಒಳಗೆ ಹೋಗಿತ್ತು. ಗೆರೆಯಕ್ಕ ನೆಲ ನೋಡಿದಳು. ಕೊನೆಯ ಎರಡು ಬಿಳಿ ಗೆರೆಗಳ ಪಕ್ಕದಲ್ಲಿ ಕೆಂಪು ಚುಕ್ಕೆಗಳಿದ್ದವು.

“ತಾತ!” ಮೊಮ್ಮಗಳು ಚೀರಿದಳು. “ನಿಮಗೆ ಗೊತ್ತಾಗಲೇ ಇಲ್ವಾ?”

ತಾತ ನಗುತ್ತಲೇ ಕೇಳಿದರು. “ಏನು ಗೊತ್ತಾಗಬೇಕಿತ್ತು?”

ಆ ನಗು ಕಂಡು ಗೆರೆಯಕ್ಕ ಎದ್ದು ಹತ್ತಿರ ಬಂದಳು. ನೋವಿನಿಂದ ಕೂಗಿದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕೂಗದವರನ್ನು ಕಂಡದ್ದು ಅದೇ ಮೊದಲು.

ಅಜ್ಜಿ ಮಾತ್ರ ಬೆಚ್ಚಲಿಲ್ಲ. ತಲೆ ತಗ್ಗಿಸಿಕೊಂಡರು. ಒಂದೊಂದೇ ಮಾತು ಹೊರಬಂತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಪಾದಕ್ಕೆ ನೆಲವೇ ತಿಳಿಯುತ್ತಿಲ್ಲ, ಅದಕ್ಕೇ ಹೆಜ್ಜೆ ಇಡಲು ಭಯ. ಮಂಡಿ ನೋವು ಎಂದದ್ದು ಸುಳ್ಳು. ಹೋದ ತಿಂಗಳು ಸುಡುವ ನೀರಿನಲ್ಲಿ ಕಾಲಿಟ್ಟು ಬೊಬ್ಬೆ ಎದ್ದಾಗಲೂ ಮನೆಯಲ್ಲಿ ‘ಅಲರ್ಜಿ’ ಎಂದಿದ್ದರು.

“ಹೇಳಿದ್ರೆ ನೀನು ಕಳಿಸ್ತಿರಲಿಲ್ಲ ಕಣೆ.”

“ಈಗಂತೂ ಕಳಿಸಲ್ಲ! ಪ್ರವಾಸವೂ ಬೇಡ, ಏನೂ ಬೇಡ,” ಎಂದಳು ಮೊಮ್ಮಗಳು.

ತಾತನ ಬಾಯಿಗೆ ಅಂದು ಮೊದಲ ರಜೆ ಸಿಕ್ಕಿತು. ಸುಮ್ಮನೆ ಚಪ್ಪಲಿಯ ಕಡೆ ನೋಡುತ್ತಾ ಕೂತರು.

ಅಜ್ಜಿಯೇ ಹೇಳಿದರು. “ಮನೇಲಿ ಕೂತ್ರೂ ಪಿನ್ನು ಚುಚ್ಚುತ್ತೆ ಮಗಳೆ. ಅವರ ಕಣ್ಣು ಇನ್ನೂ ಚೆನ್ನಾಗಿದೆ. ಅದು ಹೋಗೋ ಮುಂಚೆ ನಾಲ್ಕು ಹೂ ನೋಡಲಿ.”

“ಮೊದಲು ಆಸ್ಪತ್ರೆಗೆ ಹೋಗಿ, ಈಗಲೇ,” ಎಂದಳು ಗೆರೆಯಕ್ಕ. “ಪಿನ್ನು ಅವರೇ ತೆಗೀಲಿ, ಇಂಜೆಕ್ಷನ್ ಕೊಡಲಿ. ಬೇಡ ಅಂತ ಇವತ್ತು ಹೇಳಬೇಡ. ನಾನು ಒಂದು ಫೋನ್ ಮಾಡ್ತೀನಿ.”

ಅವರು ಆಟೋ ಹತ್ತಿದ ಮೇಲೆ ಅವಳು ಆ ದೊಡ್ಡ ದೇವಸ್ಥಾನದ ಕಚೇರಿಗೆ ಫೋನ್ ಮಾಡಿದಳು.

“ಸ್ವಾಮಿ, ಚಪ್ಪಲಿ ಎಲ್ಲಿ ಬಿಡಬೇಕು?”

“ಹೊರಗಿನ ಗೇಟಲ್ಲೇ.”

“ಅಲ್ಲಿಂದ ಒಳಗೆ?”

“ನೂರೆಂಬತ್ತು ಹೆಜ್ಜೆ ಇರಬಹುದು. ಕಲ್ಲು ಚಪ್ಪಡಿ.”

“ನೆರಳು?”

ಆ ಕಡೆಯವನು ನಕ್ಕ. “ಎಲ್ಲಿಯ ನೆರಳಮ್ಮ! ಮಧ್ಯಾಹ್ನ ನಾವೇ ಓಡ್ತೀವಿ.”

ಅವಳು ಫೋನ್ ಇಟ್ಟಳು. ಗಾಡಿಯಿಂದ ಗೇಟಿನವರೆಗಿನ ಮೂವತ್ತು ಹೆಜ್ಜೆಯನ್ನು ಬರೆದುಕೊಂಡು ಇಷ್ಟು ವರ್ಷ ಬೀಗಿದ್ದಳು. ಅಲ್ಲಿಂದಾಚೆಗೆ ಬರಿಗಾಲು ಎಂಬುದು ಹೊಳೆದೇ ಇರಲಿಲ್ಲ. ಅವಳು ಕಳಿಸುತ್ತಿದ್ದ ಗಾಡಿ ಅಲ್ಲಿಗೆ ಮುಟ್ಟುತ್ತಿದ್ದದ್ದೂ ಹನ್ನೆರಡು ಗಂಟೆಗೆ. ಕಾಲು ಸುಟ್ಟವರು ಓಡುತ್ತಾರೆ. ಸುಟ್ಟದ್ದು ತಿಳಿಯದವರು ನಿಧಾನವಾಗಿ, ಕೈಮುಗಿದುಕೊಂಡು ನಡೆಯುತ್ತಾರೆ.

ನೋಟ್‌ಬುಕ್ ತೆಗೆದು ಹಳೆಯ ಜೋಡಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಹಲವರು ಚೆನ್ನಾಗಿದ್ದೇವೆ ಎಂದರು. ಒಂಬತ್ತನೆಯ ಮನೆಯಲ್ಲಿ ಮಗಳು ಎತ್ತಿದಳು. “ಅಮ್ಮ ಇದ್ದಾರೆ ಅಕ್ಕಾ. ಆ ಪ್ರವಾಸ ಆದ ಮೇಲೆ ಒಂದು ಬೆರಳು ತೆಗೆಸಬೇಕಾಯ್ತು. ಕಾಲು ಎಲ್ಲಿ ಸುಟ್ಕೊಂಡ್ರೋ, ಇವತ್ತಿಗೂ ಗೊತ್ತಾಗಿಲ್ಲ.”

“ನನಗೆ ಗೊತ್ತಮ್ಮ,” ಎಂದಳು ಗೆರೆಯಕ್ಕ. ಎಲ್ಲಾ ಹೇಳಿದಳು. ಆ ಕಡೆಯಿಂದ ಫೋನ್ ಕಟ್ಟಾಯಿತು. ಅವಳು ಮತ್ತೆ ಮಾಡಲಿಲ್ಲ. ಹತ್ತನೆಯ ಮನೆಗೆ ಮಾಡಿದಳು.

ತಾತನಿಗೆ ಊರು ಹುಡುಕಲು ಆರು ದಿನ ಹಿಡಿಯಿತು. ಸಿಕ್ಕಿದ್ದು ಸಣ್ಣ ದೇವಸ್ಥಾನ. ಚಪ್ಪಲಿ ಬಿಡುವುದು ಒಳಬಾಗಿಲಲ್ಲೇ, ಚಾವಣಿಯ ಕೆಳಗೆ. ನಾಲ್ಕು ಮೆಟ್ಟಿಲು, ಕಂಬಿ ಇದೆ, ಗಾಲಿಕುರ್ಚಿಯೂ ಇದೆ. ಕಾಲುಚೀಲ ಹಾಕಿಕೊಂಡು ಬರಬಹುದೇ ಎಂದು ಕೇಳಿದ್ದಕ್ಕೆ ಪೂಜಾರಿ, “ಒಗೆದದ್ದು ಹಾಕ್ಕೊಳ್ಳಲಿ. ದೇವರಿಗೇನು, ಒಳಗೆ ತಣ್ಣಗೆ ಕೂತಿದ್ದಾನೆ,” ಎಂದಿದ್ದರು. ರಸ್ತೆ ದಾಟಿದರೆ ತೋಟ. ಒಳಗೆಲ್ಲ ಬ್ಯಾಟರಿ ಗಾಡಿ ಓಡುತ್ತದೆ. ಗುಲಾಬಿ ಮಡಿಯ ಪಕ್ಕದಲ್ಲೇ ಇಳಿಸುತ್ತಾರೆ, ಚಪ್ಪಲಿ ಬಿಚ್ಚಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ದೇವರು, ಎಂಟಕ್ಕೆ ಹೂವು, ಹತ್ತಕ್ಕೆ ಕೋಣೆಗೆ ವಾಪಸು. ಕೋಣೆ ನೆಲಮಹಡಿಯಲ್ಲಿ.

ಗಾಯ ಮಾಗಿ ಡಾಕ್ಟರು ಹೂಂ ಎನ್ನಲು ಮೂರು ವಾರವಾಯಿತು. ಮುಚ್ಚಿದ ಬೂಟು ಹಾಕಬೇಕು, ಹಾಕುವ ಮುಂಚೆ ಒಳಗೆ ಕೈಯಾಡಿಸಬೇಕು, ಬೆಳಿಗ್ಗೆ ಸಂಜೆ ಬೇರೆಯವರು ಅಂಗಾಲು ನೋಡಬೇಕು ಎಂಬ ಕಟ್ಟಪ್ಪಣೆ. ಮೊಮ್ಮಗಳು ಅದನ್ನು ಬರೆಸಿಕೊಂಡು ಬಂದ ಮೇಲೇ ಒಪ್ಪಿದ್ದು.

ಅವರು ನಾಲ್ಕು ದಿನಕ್ಕೆ ಹೋದರು. ಐದನೆಯ ದಿನ ತಾತ ಅಜ್ಜಿಯ ಜೊತೆ ಆಫೀಸಿಗೆ ಬಂದರು. ಕುರ್ಚಿಯಲ್ಲಿ ಕೂತು, ಬೂಟು ಕಾಲುಚೀಲ ಬಿಚ್ಚಿ, ಎರಡೂ ಪಾದ ಎದುರಿನ ಸ್ಟೂಲಿನ ಮೇಲಿಟ್ಟರು.

“ನೋಡ್ಕೋಮ್ಮ.”

ಅವಳು ನೆಲದ ಮೇಲೆ ಮಂಡಿಯೂರಿ, ಟಾರ್ಚು ಹಿಡಿದು ನೋಡಿದಳು. ಹಿಮ್ಮಡಿ, ಅಂಚು, ಬೆರಳ ಸಂದು, ಒಂದೂ ಬಿಡಲಿಲ್ಲ. ಪಿನ್ನಿನ ಹಳೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಹತ್ತನೆಯ ಬೆರಳು ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡತೊಡಗಿದಳು.

“ಏಳಮ್ಮ, ಸಾಕು,” ಎಂದರು ಅಜ್ಜಿ. “ದೇವರ ಪಾದ ನೋಡೋಕೆ ಅಂತ ಹೋದೆ. ಬೆಳಿಗ್ಗೆ ಸಂಜೆ ಇವರದ್ದೇ ನೋಡಿದ್ದಾಯ್ತು.”