ಮೂವತ್ತು ದಿನದೊಳಗೆ

ಹಲಸೂರಿನ ಸಣ್ಣ ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿನಲ್ಲಿ ನಾನು ನರ್ಸ್. ನನ್ನದು ಗಂಟಲು ಜೋರು, ನಾಲಿಗೆ ಇನ್ನೂ ಜೋರು. ಅಳುವ ತಾಯಂದಿರನ್ನು ಸಮಾಧಾನ ಮಾಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ಇತ್ತು. ಅದನ್ನು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ತಾಯಿ ಯಾದಗಿರಿ ಕಡೆಯವಳು. ಗಂಡನಿಗೆ ಮಾರತ್ತಹಳ್ಳಿಯಲ್ಲಿ ಗಾರೆ ಕೆಲಸ, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ಹತ್ತು ವಾರ ಮೊದಲೇ ಹುಟ್ಟಿದ ಗಂಡುಮಗು, ತೂಕ ಒಂದೂಕಾಲು ಕೆಜಿ. ಬೇರೆ ಮಕ್ಕಳನ್ನು ನೋಡಿ ಆಕೆ ಅತ್ತಾಗಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ.

“ಹೋಲಿಸ್ಬೇಡಮ್ಮ. ಇವನ ವಯಸ್ಸನ್ನ ಹುಟ್ಟಿದ ದಿನದಿಂದ ಎಣಿಸ್ಬಾರ್ದು. ಡಾಕ್ಟ್ರು ಮೊದ್ಲು ಕೊಟ್ಟಿದ್ರಲ್ಲ ಹೆರಿಗೆ ಡೇಟು, ಅಲ್ಲಿಂದ ಎಣಿಸು.”

ಮಾತು ಸುಳ್ಳಲ್ಲ. ಮಗು ಕೂರುವುದು, ನಡೆಯುವುದು ಎಲ್ಲವನ್ನೂ ನಾವು ಹಾಗೆಯೇ ಅಳೆಯುತ್ತೇವೆ. ಇಂಥ ಮಕ್ಕಳಿಗೆ ಮಾಡಿಸಲೇಬೇಕಾದ ಕಣ್ಣಿನ ಪರೀಕ್ಷೆಗೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಬೇಗ ಹುಟ್ಟಿದ ಮಗುವಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಆಮೇಲೆ ಅಡ್ಡಾದಿಡ್ಡಿ ಬೆಳೆದರೆ ಪರದೆಯನ್ನೇ ಕಿತ್ತುಬಿಡುತ್ತವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಅದಕ್ಕೇ ಹುಟ್ಟಿದ ಮೂವತ್ತು ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ಆಮೇಲೂ ಡಾಕ್ಟರ್ ಹೇಳಿದಾಗಲೆಲ್ಲ ತೋರಿಸುತ್ತಿರಬೇಕು. ರೋಗ ಜೋರಾಯಿತೆಂದರೆ ಎರಡು ಮೂರು ದಿನದಲ್ಲೇ ಲೇಸರ್, ಇಲ್ಲವೇ ಕಣ್ಣೊಳಗೆ ಇಂಜೆಕ್ಷನ್. ಆ ಹೊತ್ತಿಗೆ ಸಿಕ್ಕರೆ ಸಾಮಾನ್ಯವಾಗಿ ನೋಟ ಉಳಿಯುತ್ತದೆ.

ನಮ್ಮಲ್ಲಿಗೆ ಕಣ್ಣಿನ ಡಾಕ್ಟರ್ ಬರುವುದು ಬುಧವಾರ. ಈ ಮಗುವನ್ನು ಇಪ್ಪತ್ತನಾಲ್ಕನೆಯ ದಿನ, ಶುಕ್ರವಾರ, ಮನೆಗೆ ಕಳಿಸಿದೆವು. ಚೀಟಿಯಲ್ಲಿ ‘ಮೂವತ್ತು ದಿನದೊಳಗೆ, ಬುಧವಾರ, ಕಣ್ಣಿನ ಪರೀಕ್ಷೆ’ ಎಂದು ನಾನೇ ಬರೆದೆ. ತಾರೀಕು ಹಾಕಲಿಲ್ಲ. ಬುಧವಾರ ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಮೂರನೆಯ ಸಲ ಮಾಡಲಿಲ್ಲ.

ಮಗುವಿಗೆ ಮೂರು ತಿಂಗಳು ದಾಟಿದ ಮೇಲೆ ಒಂದು ಬುಧವಾರ ಆಕೆ ಬಂದಳು. ಮಗು ಗುಂಡಗುಂಡಗಾಗಿತ್ತು. ಡಾಕ್ಟರ್ ಕಣ್ಣಿಗೆ ಹನಿ ಹಾಕಿಸಿ, ತಲೆಗೆ ದೀಪ ಕಟ್ಟಿಕೊಂಡು ತುಂಬ ಹೊತ್ತು ನೋಡಿದರು.

“ಲೇಸರ್ ಮಾಡೋ ಟೈಮ್ ದಾಟ್ಬಿಟ್ಟಿದೆ,” ಎಂದರು. “ಎರಡೂ ಕಣ್ಣಲ್ಲಿ ಪರದೆ ಪೂರ್ತಿ ಬಿಟ್ಕೊಂಡಿದೆ. ಆಪರೇಷನ್‌ಗೆ ದೊಡ್ಡ ಆಸ್ಪತ್ರೆಗೆ ಬರ್ಕೊಡ್ತೀನಿ. ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ.”

ನನಗೆ ರೇಗಿಹೋಯಿತು. “ಇಷ್ಟು ದಿನ ಎಲ್ಲಿ ಸತ್ತಿದ್ದೆ?” ಎಂದು ಎಲ್ಲರೆದುರಿಗೆ ಆಕೆಯ ಮೇಲೆ ಕೂಗಾಡಿದೆ.

ಆಕೆ ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆದಳು. ಒಂದು ಮಡಿಕೆಯೂ ಬೀಳದಂತೆ ಇಟ್ಟುಕೊಂಡಿದ್ದಳು.

“ಅಕ್ಕಾರ, ಡಾಕ್ಟ್ರು ಮೊದಲ ಕೊಟ್ಟ ಹೆರಿಗಿ ತಾರೀಖಿನಿಂದ ಎಣಸು ಅಂತ ನೀವ ಹೇಳಿದ್ರಲ್ರಿ. ಇವತ್ತಿಗೆ ಇಪ್ಪತ್ತೊಂಬತ್ತ ದಿನ. ಒಂದ ದಿನ ಮೊದಲ ಬಂದೀನ್ರಿ.”

ನಾನು ಚೀಟಿ ಇಸಿದುಕೊಂಡೆ. ಮಗು ನನ್ನ ಜೋರು ದನಿ ಬಂದ ಕಡೆಗೆ ಇನ್ನೂ ಮುಖ ಮಾಡಿಕೊಂಡೇ ಇತ್ತು.