ದಾನೇಶ್ವರಿಯ ಮೂರನೆಯ ಸಾಲು

ದಾನೇಶ್ವರಿಯ ಕತೆ ಹೇಳಲು ಹೊರಟರೆ ನನಗೆ ಮೊದಲು ಸುಕೇಶನ ಮೇಲೆ ಸಿಟ್ಟು ಬರುತ್ತದೆ. ಬರಲಿ. ಮುಂಬಯಿಯ ಪರೇಲಿನ ಒಂದು ಆಸ್ಪತ್ರೆಯ ಆಫೀಸಿನಲ್ಲಿ ನಾವು ಮೂವರೂ ಅಕ್ಕಪಕ್ಕ ಕೂರುವವರು. ವಿಜಯಪುರದ ಕಡೆಯ ದಾನೇಶ್ವರಿ ಜೋಗೇಶ್ವರಿಯಿಂದ ಲೋಕಲ್ ಹಿಡಿದು ಬರುತ್ತಾಳೆ. ಮಾತು ಕಡಿಮೆ, ಕೆಲಸ ಪಕ್ಕಾ.

ರೋಗಿಗಳು ಬಹಳ ಹೊತ್ತು ಕಾಯುತ್ತಾರೆಂದು ದೂರು ಬಂತು. ಕಾರ್ಡು ಮಾಡುವ ಕೌಂಟರಿನ ನೀಲಾಬಾಯಿ ನಿಧಾನ, ಅವಳನ್ನು ಅಲ್ಲಿಂದ ಎತ್ತಿ ಎಂದರು ಡಾಕ್ಟರುಗಳು. ದಾನೇಶ್ವರಿ ಮೂರು ವಾರ ಗಡಿಯಾರ ನೋಡುತ್ತ ನಿಂತು ಬರೆದುಕೊಂಡಳು. ಕಾರ್ಡಿಗೆ ನಾಲ್ಕು ನಿಮಿಷ, ಡಾಕ್ಟರು ಬರುವವರೆಗೆ ಐವತ್ತು!

ಇದನ್ನು ಮೀಟಿಂಗಿನಲ್ಲಿ ಆ ಡಾಕ್ಟರುಗಳ ಎದುರಿಗೇ ಹೇಳಬೇಕು. ನಮ್ಮಲ್ಲಿ ಎಲ್ಲರೂ ಬಂದು ಚಹಾ ಕುಡಿಯುವ ತನಕ ಏನೇನು ಮಾತಾಡುತ್ತೇವೆಂಬ ಪಟ್ಟಿ, ಅಂದರೆ ಅಜೆಂಡಾ ಸ್ಲೈಡೇ ಪರದೆಯ ಮೇಲಿರುತ್ತದೆ. ಅದಕ್ಕೇ ಆ ಒಂದು ಸ್ಲೈಡಿಗೆ ಅವಳು ಅರ್ಧ ದಿನ ತಲೆ ಕೆಡಿಸಿಕೊಂಡಳು. ಕೊನೆಗೆ ಉಳಿದದ್ದು ನಾಲ್ಕು ಸಾಲು: ರೋಗಿ ಎಲ್ಲೆಲ್ಲಿ ನಿಲ್ಲುತ್ತಾನೆ? ನಾವು ಹೇಗೆ ಅಳೆದೆವು? ಸಮಯ ಎಲ್ಲಿ ಹೋಗುತ್ತದೆ? ಏನು ಬದಲಿಸಬಹುದು?

"ಯಾವ್ದರ ಹಿಂದ ಯಾವ್ದು ಬರ್ತದ ಅಂತ ಗೊತ್ತಾದ್ರ ಸಾಕು. ಉತ್ತರಾ ಮೊದ್ಲ ಕಂಡ್ರ ಜಗಳಕ್ಕ ನಿಲ್ತಾರ. ಆಮ್ಯಾಲೆ ಗ್ರಾಫ್ ಯಾರ್ ನೋಡ್ತಾರ?" ಎಂದಳು.

ಸುಕೇಶ ಎಲ್ಲ ಕೇಳಿಸಿಕೊಂಡ. "ಫೈಲ್ ನನಗೆ ಕಳಿಸಿ ಮಾರಾಯ್ರೆ, ಅಕ್ಷರ ಸ್ವಲ್ಪ ಚಂದ ಮಾಡಿ ನನ್ನ ಲ್ಯಾಪ್‌ಟಾಪಿನಿಂದಲೇ ಹಾಕ್ತೇನೆ" ಎಂದ. ತಾನು ಅಣ್ಣಾ ಎಂದು ಕರೆಯುವವನಲ್ಲವೇ, ಕಳಿಸಿದಳು.

ಮೀಟಿಂಗಿನಲ್ಲಿ ಪರದೆ ಬೆಳಗಿತು. ಮೂರನೆಯ ಸಾಲು ಬೇರೆಯಾಗಿತ್ತು: "ಕಾರಣ: ಡಾಕ್ಟರುಗಳು ತಡವಾಗಿ ಬರುವುದು."

ಹಿರಿಯ ಡಾಕ್ಟರು ಕಪ್ಪು ಕೆಳಗಿಟ್ಟರು. ತೀರ್ಪು ಬರೆದುಕೊಂಡೇ ಬಂದಿದ್ದೀರಿ, ನಾವೇಕೆ ಕೂರಬೇಕು ಎಂದು ಹಿಂದಿಯಲ್ಲಿ ಗದರಿದರು. ಉಳಿದವರೂ ಮುಗಿಬಿದ್ದರು. ಇದು ನಾನು ಬರೆದದ್ದಲ್ಲ ಎಂದು ದಾನೇಶ್ವರಿ ಹೇಳಿದ್ದೇ ತಡ, ಈ ಮಹಾನುಭಾವ ಸುಕೇಶ ಎದ್ದು ನಿಂತು, ಹೀಗೆ ಹಾಕಬೇಡಿ ಅಂತ ನಾನೂ ಹೇಳಿದ್ದೆ ಸರ್ ಎಂದುಬಿಟ್ಟ! ನಾಲ್ಕು ವರ್ಷ ಅವಳ ಡಬ್ಬಿಯ ರೊಟ್ಟಿ ತಿಂದವನು. ಎರಡನೆಯ ಸ್ಲೈಡು ತೆರೆಯಲೇ ಇಲ್ಲ. ನೀಲಾಬಾಯಿಯನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಿ ಎಂದು ಹೇಳಿ ಡಾಕ್ಟರುಗಳು ಎದ್ದರು.

"ಯಾಕಣ್ಣಾ?" ಹೊರಗೆ ಬಂದು ದಾನೇಶ್ವರಿ ಇಷ್ಟೇ ಕೇಳಿದ್ದು.

"ನಿಮ್ಮ ಗ್ರಾಫ್ ತೋರಿಸಿದ್ರೆ ಅವರು ಒಪ್ತಿದ್ರು ಮಾರಾಯ್ರೆ. ಆಮೇಲೆ ನಿಮ್ಮನ್ನೇ ಮ್ಯಾನೇಜರ್ ಮಾಡ್ತಿದ್ರು, ನಾನು ಆಗೋದುಂಟಾ?" ಎಂದ. ನಾಚಿಕೆಯೇ ಇಲ್ಲ.

ಅವಳು ಮೆಟ್ಟಿಲಿಳಿದಳು. ಕೆಳಗೆ ಕೌಂಟರಿನಲ್ಲಿ ನೀಲಾಬಾಯಿ ಒಂದು ಕಾರ್ಡು ಬರೆದುಕೊಟ್ಟು ತಲೆಯೆತ್ತಿದಳು.

"ನನ್ನ ನಾಕ್ ನಿಮಿಷ ತೋರಿಸಿದೇನವ್ವಾ? ಏನಂದ್ರು?"

"ಇಲ್ಲಕ್ಕಾ" ಎಂದಳು ದಾನೇಶ್ವರಿ. "ಅಲ್ಲೀತನಕ ಹೋಗ್ಲೇ ಇಲ್ಲ."